ಕಣ್ಣು 6/6 ಇದೆ, ಆದರೂ ಓದಲು ಕುಳಿತರೆ ಅಕ್ಷರ ತೇಲುತ್ತದೆ ಎನ್ನುತ್ತಾನೆ

ಕಲ್ಪತರು

ನಮ್ಮದು ತಿಪಟೂರು. ಮಗ ಒಂಬತ್ತನೇ ತರಗತಿ. ಸಂಜೆ ಪುಸ್ತಕ ಹಿಡಿದ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಓದುತ್ತಾನೆ. ಆಮೇಲೆ ಕಣ್ಣು ಉಜ್ಜುವುದು, ಹುಬ್ಬಿನ ಮೇಲೆ ನೋವು, ಓದಿದ ಸಾಲನ್ನೇ ಮತ್ತೆ ಓದುವುದು ಶುರುವಾಗುತ್ತದೆ. ಕೇಳಿದರೆ "ಒತ್ತಕ್ಷರ ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ, ಸಾಲುಗಳು ನೀರಿನಲ್ಲಿ ಇದ್ದ ಹಾಗೆ ಅಲ್ಲಾಡುತ್ತವೆ" ಎನ್ನುತ್ತಾನೆ. ಕಣ್ಣಿನ ಪರೀಕ್ಷೆ ಮಾಡಿಸಿದೆವು. ಎರಡೂ ಕಣ್ಣು 6/6, ಕನ್ನಡಕ ಬೇಡ ಎಂದು ಹೇಳಿ ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. ಹನಿ ಮುಗಿಯಿತು, ಅಕ್ಷರ ತೇಲುವುದು ನಿಲ್ಲಲಿಲ್ಲ. ಕ್ರಿಕೆಟ್ ಆಡುವಾಗ ಏನೂ ತೊಂದರೆ ಇಲ್ಲ. ಹಾಗಾಗಿ ನಮ್ಮ ಮಾವನವರು ಇದನ್ನು ಓದದಿರಲು ಹುಡುಕಿದ ನೆಪ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಯಾರಿಗಾದರೂ ಇಂಥ ಅನುಭವ ಇದೆಯೇ?

ಹಳೇ ಮೇಷ್ಟರು

ಅಮ್ಮಾ, ಮೂವತ್ತು ವರ್ಷ ಪಾಠ ಮಾಡಿದವನು ಹೇಳುತ್ತಿದ್ದೇನೆ, ಅದು ನೆಪವಲ್ಲ. ಅಕ್ಷರ ಜಾಗ ಬದಲಿಸುತ್ತದೆ ಎನ್ನುವ ಮಕ್ಕಳನ್ನು ಹಲವರನ್ನು ಕಂಡಿದ್ದೇನೆ. ಅದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಕಣ್ಣಿನ ವೈದ್ಯರ ಬಳಿ ಅಲೆಯಬೇಡಿ, ಕಲಿಕಾ ನ್ಯೂನತೆ ಪರೀಕ್ಷಿಸುವವರ ಬಳಿ ಕರೆದೊಯ್ಯಿರಿ.

ಮರಳುಗಾಡಿನ ಮಲ್ಲಿಗೆ

ನನಗೂ ಥೇಟ್ ಇದೇ ಆಗಿತ್ತು. ಶಾರ್ಜಾದಲ್ಲಿ ಲೆಕ್ಕಪತ್ರದ ಕೆಲಸ, ವಯಸ್ಸು 46. ಸಂಜೆಯಾದರೆ ಅಂಕಿಗಳೆಲ್ಲ ಮಸುಕು. ಓದುವ ಕನ್ನಡಕ ಹಾಕಿದ ದಿನವೇ ಸರಿಹೋಯಿತು. ಅವನಿಗೂ +1 ಕೊಡಿಸಿ ನೋಡಿ.

ಮಸೂರ

ಹದಿನಾಲ್ಕು ವರ್ಷದ ಹುಡುಗನಿಗೆ ಚಾಳೀಸು ಬರುವುದಿಲ್ಲ, ಮಲ್ಲಿಗೆಯವರೇ. ನಾನು ಆಪ್ಟೋಮೆಟ್ರಿಸ್ಟ್. ಕಣ್ಣುಗಳು ಮೂಗಿನತ್ತ ತಿರುಗಲು ಒದ್ದಾಡುತ್ತಿರುವ ಮಗುವಿಗೆ ಪರೀಕ್ಷಿಸದೆ ಪ್ಲಸ್ ಮಸೂರ ಕೊಟ್ಟರೆ ಕಷ್ಟ ಹೆಚ್ಚಾಗಬಹುದು. ಹತ್ತಿರದ ಅಕ್ಷರಕ್ಕೆ ಫೋಕಸ್ ಮಾಡುವ ಶ್ರಮವೇ ಕಣ್ಣುಗಳನ್ನು ಒಂದಿಷ್ಟು ಒಳಕ್ಕೆ ಎಳೆಯುತ್ತದೆ. ಮಸೂರ ಆ ಶ್ರಮವನ್ನು ವಹಿಸಿಕೊಂಡರೆ ಆ ಎಳೆತವೂ ಸಡಿಲವಾಗುತ್ತದೆ.

ಕಲ್ಪತರು ಅವರೇ, 6/6 ಎಂಬುದು ಸುಳ್ಳಲ್ಲ. ಆದರೆ ಆ ಪರೀಕ್ಷೆಯಲ್ಲಿ ಹುಡುಗ ಆರು ಮೀಟರ್ ದೂರದ ಹಲಗೆಯನ್ನು ಒಂದು ಕಣ್ಣು ಮುಚ್ಚಿಕೊಂಡು ಓದಿದ್ದಾನೆ. ಅವನ ದೂರು ಇರುವುದು ಮೊಣಕೈ ದೂರದ ಪುಸ್ತಕವನ್ನು ಎರಡೂ ಕಣ್ಣು ತೆರೆದು ಓದುವಾಗ. ದೂರ ನೋಡುವಾಗ ಎರಡು ಕಣ್ಣುಗಳೂ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ. ಪುಸ್ತಕ 40 ಸೆಂಟಿಮೀಟರ್‌ಗೆ ಬಂದರೆ ಎರಡೂ ಒಳಕ್ಕೆ ತಿರುಗಿ ಒಂದೇ ಅಕ್ಷರದ ಮೇಲೆ ಕೂಡಬೇಕು, ಮತ್ತು ಒಂದು ಗಂಟೆ ಅಲ್ಲಿಯೇ ನಿಲ್ಲಬೇಕು. ಆ ಹಿಡಿತ ಸ್ವಲ್ಪ ಜಾರಿದರೂ ಒಂದು ಸಾಲಿನ ಎರಡು ನೆರಳುಗಳು ಒಂದರ ಪಕ್ಕ ಒಂದು ಸರಿಯುತ್ತವೆ. ಒತ್ತಕ್ಷರ ಪಕ್ಕದ ಮನೆಗೆ ಹೋಗುವುದು ಹಾಗೆ. ಮತ್ತೆ ಹಿಡಿಯುತ್ತಾನೆ, ಮತ್ತೆ ಜಾರುತ್ತದೆ. ಅದೇ ಅವನು ಹೇಳುವ ಅಲ್ಲಾಟ. ಚೆಂಡು ಬರುವುದು ದೂರದಿಂದ, ಆದ್ದರಿಂದ ಮೈದಾನದಲ್ಲಿ ತೊಂದರೆ ಕಾಣುವುದಿಲ್ಲ.

ಮೇಷ್ಟರ ಮಾತಿಗೆ ಒಂದು ಪ್ರಶ್ನೆ: ಇವನು ಚಿಕ್ಕವನಿದ್ದಾಗ ಓದಲು ಕಲಿತದ್ದು ತಡವಾಗಿಯೇ? ಡಿಸ್ಲೆಕ್ಸಿಯಾದಲ್ಲಿ ಮೊದಲ ಸಾಲೇ ಕಷ್ಟ. ಇಲ್ಲಿ ಮೊದಲ ಹತ್ತು ನಿಮಿಷ ಸಲೀಸು, ಆಮೇಲೆ ಕುಸಿತ.

ಎರಡು ಸಂಗತಿ ನೋಡಿ ಹೇಳಿ. ಅಕ್ಷರ ತೇಲತೊಡಗಿದ ಹೊತ್ತಿನಲ್ಲಿ ಒಂದು ಕಣ್ಣು ಮುಚ್ಚಿದರೆ ಸಾಲು ನಿಲ್ಲುತ್ತದೆಯೇ? ಪೆನ್ನಿನ ತುದಿಯನ್ನು ನಿಧಾನವಾಗಿ ಅವನ ಮೂಗಿನತ್ತ ತಂದರೆ ಎಷ್ಟು ದೂರದಲ್ಲಿ ಎರಡಾಗುತ್ತದೆ?

ಕಲ್ಪತರು

ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಒಂದನೇ ತರಗತಿಯಲ್ಲೇ ಬಸ್ಸಿನ ಬೋರ್ಡ್, ಅಂಗಡಿಯ ಫಲಕ ಎಲ್ಲ ಓದುತ್ತಿದ್ದ. ನಿನ್ನೆ ರಾತ್ರಿ ಒಂದು ಕಣ್ಣು ಮುಚ್ಚಿಸಿದೆ, ಸಾಲು ನಿಂತಿತು. ಆಮೇಲೆ ಅವನು ಹೇಳಿದ್ದು: "ಅಮ್ಮಾ, ನಾನು ಯಾವಾಗಲೂ ಹೀಗೆಯೇ ತಾನೇ ಓದುವುದು? ನೀನೇ ಬೈಯುತ್ತೀಯ." ನಿಜ. ಗಲ್ಲಕ್ಕೆ ಕೈ ಕೊಟ್ಟು, ಅಂಗೈಯಲ್ಲಿ ಅರ್ಧ ಮುಖ ಮುಚ್ಚಿಕೊಂಡು ಓದುತ್ತಾನೆ. ನೆಟ್ಟಗೆ ಕೂತು ಓದು ಎಂದು ವರ್ಷದಿಂದ ಆ ಕೈಯನ್ನು ತೆಗೆಸುತ್ತಿದ್ದವಳು ನಾನು.

ಪೆನ್ನು ಅರ್ಧ ಗೇಣು ದೂರದಲ್ಲೇ ಎರಡಾಯಿತು. ಆ ಕ್ಷಣದಲ್ಲಿ ಅವನ ಬಲಗಣ್ಣು ಮೆಲ್ಲಗೆ ಹೊರಕ್ಕೆ ಜಾರಿದ್ದನ್ನು ನಾನೇ ನೋಡಿದೆ.

ಮಸೂರ

ಇದು ಕನ್ವರ್ಜೆನ್ಸ್ ಇನ್ಸಫಿಷಿಯನ್ಸಿ, ಅಂದರೆ ಹತ್ತಿರ ನೋಡುವಾಗ ಎರಡು ಕಣ್ಣುಗಳು ಸಾಕಷ್ಟು ಒಳಕ್ಕೆ ಕೂಡದ ತೊಂದರೆಯ ಕಡೆಗೆ ಬೆರಳು ತೋರಿಸುತ್ತದೆ. ಆದರೆ ಮನೆಯ ಪೆನ್ನಿನಿಂದ ತೀರ್ಮಾನ ಬೇಡ. ಎರಡು ಕಣ್ಣುಗಳ ಹೊಂದಾಣಿಕೆಯನ್ನು ಅಳೆಯುವವರ ಬಳಿ ಹೋಗಿ. ಕಣ್ಣಿಗೆ ಔಷಧ ಬಿಟ್ಟು ಅಡಗಿರುವ ಪ್ಲಸ್ ಪವರ್ ಇದೆಯೇ ಎಂದು ನೋಡಲು ಹೇಳಿ. ಫೋಕಸ್ ಶಕ್ತಿಯನ್ನೂ ಅಳೆಯಲಿ. ಕೆಲವು ಮಕ್ಕಳಲ್ಲಿ ನಿಜವಾಗಿ ಸೋತಿರುವುದು ಫೋಕಸ್, ಕಣ್ಣು ಕೂಡದಿರುವುದು ಅದರ ನೆರಳು ಮಾತ್ರ. ಅಂಥವರಿಗೆ ಪ್ಲಸ್ ಮಸೂರ ಹಿಡಿದರೆ ಪೆನ್ನು ಇನ್ನೂ ಹತ್ತಿರ ಬರುವವರೆಗೂ ಒಂದೇ ಆಗಿರುತ್ತದೆ. ಮಲ್ಲಿಗೆಯವರ ಕನ್ನಡಕ ಅಲ್ಲಿ ಕೆಲಸಕ್ಕೆ ಬರುತ್ತದೆ.

ನೇರ ಮಾತು

ಮುಂದೆ ಏನಾಗುತ್ತದೆ ಎಂದು ನಾನು ಹೇಳುತ್ತೇನೆ: ವಿಷನ್ ಥೆರಪಿ ಎಂಬ ಪ್ಯಾಕೇಜ್. ನನ್ನ ಮಗಳಿಗೆ ಓದು ಹತ್ತುತ್ತಿರಲಿಲ್ಲ. ಒಂದು ಕೇಂದ್ರದಲ್ಲಿ ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ಹೋಗುತ್ತದೆ ಎಂದರು. ನಲವತ್ತು ಸಲ ಕರೆದೊಯ್ದೆ. ಅವಳು ಮಣಿ ನೋಡುವುದರಲ್ಲಿ ಪಂಡಿತೆಯಾದಳು, ಓದು ಇದ್ದಲ್ಲೇ ಇತ್ತು. ಪೆನ್ಸಿಲ್ ಮೂಗಿನ ಹತ್ತಿರ ತರುವ ವ್ಯಾಯಾಮಕ್ಕೆ ಕಾಸು ಯಾಕೆ ಕೊಡಬೇಕು?

ಮಸೂರ

ನಿಮ್ಮ ಸಿಟ್ಟು ನ್ಯಾಯವಾದದ್ದು. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಗಳು 2009ರ ಜಂಟಿ ಹೇಳಿಕೆಯಲ್ಲಿ, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ ಎಂದಿವೆ. ನಿಮಗೆ ಮಾರಿದ್ದು ಅದನ್ನೇ. ಅದೇ ಹೇಳಿಕೆ ಕಣ್ಣು ಕೂಡದಿರುವ ತೊಂದರೆಗೆ ಚಿಕಿತ್ಸೆ ಇದೆ ಎಂದೂ ಒಪ್ಪುತ್ತದೆ. ಕಲ್ಪತರು ಅವರ ಪ್ರಶ್ನೆ ಈ ಎರಡನೆಯದು.

ಪೆನ್ಸಿಲ್ ವಿಷಯಕ್ಕೆ ಬರುತ್ತೇನೆ. 2008ರಲ್ಲಿ ಅಮೆರಿಕದಲ್ಲಿ 9ರಿಂದ 17 ವರ್ಷದ 221 ಮಕ್ಕಳ ಮೇಲೆ 12 ವಾರಗಳ ಪ್ರಯೋಗದ ಫಲಿತಾಂಶ ಬಂತು. ವಾರಕ್ಕೊಂದು ಗಂಟೆ ಚಿಕಿತ್ಸಾಲಯದಲ್ಲಿ ಮತ್ತು ಮನೆಯಲ್ಲಿ ವಾರಕ್ಕೆ ಐದು ದಿನ ಹದಿನೈದು ನಿಮಿಷ ಅಭ್ಯಾಸ ಮಾಡಿದವರಲ್ಲಿ ಶೇ. 73 ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ಮಾತ್ರ ಹಿಡಿದವರಲ್ಲಿ ಶೇ. 43. ಇನ್ನೊಂದು ಗುಂಪಿಗೆ ಅದೇ ಕೋಣೆ, ಅಷ್ಟೇ ಹೊತ್ತು, ಆದರೆ ಕಣ್ಣನ್ನು ಕೂಡಿಸುವ ಕೆಲಸವೇ ಇಲ್ಲದ ಆಟಗಳನ್ನು ಆಡಿಸಿದ್ದರು. ಅಲ್ಲಿ ಶೇ. 35.

ನೇರ ಮಾತು

ಸುಮ್ಮನೆ ಆಡಿಸಿದರೂ ಮೂವರಲ್ಲಿ ಒಬ್ಬ ಗುಣವಾಗುತ್ತಾನೆ ಎಂದಾಯಿತು!

ಮಸೂರ

ಹೌದು, ಮತ್ತು ಅದನ್ನು ಮುಚ್ಚಿಡಬಾರದು. ಪೆನ್ಸಿಲ್ ಗುಂಪು ಆ ಸುಮ್ಮನೆ ಆಡಿದ ಗುಂಪಿಗಿಂತ ಖಚಿತವಾಗಿ ಮೇಲು ಎಂದು ಹೇಳಲೂ ಆಗಲಿಲ್ಲ.

ರಾತ್ರಿ ಬಸ್

ನಾನು ಬಿ.ಎ. ಎರಡನೇ ವರ್ಷ. ಎರಡು ತಿಂಗಳು ಪೆನ್ಸಿಲ್ ವ್ಯಾಯಾಮ ಮಾಡಿದೆ. ಒಂದು ದಿನವೂ ತಪ್ಪಿಸಲಿಲ್ಲ. ಪೆನ್ಸಿಲ್ ಮೂಗಿಗೆ ತಾಗುವವರೆಗೂ ಒಂದೇ ಆಗಿ ಕಾಣುತ್ತಿತ್ತು, ಆದ್ದರಿಂದ ನನ್ನ ಕಣ್ಣು ಸರಿ ಇದೆ ಎಂದುಕೊಂಡೆ. ಓದಿದರೆ ತಲೆನೋವು ಹಾಗೆಯೇ ಇದೆ. ಹಾಗಾದರೆ ನನ್ನದು ಬೇರೆಯೇ ರೋಗವೇ?

ಮಸೂರ

ಪೆನ್ಸಿಲ್ ನೋಡುವಾಗ ಅದರ ಹಿಂದಿನ ಕಿಟಕಿಯೋ ಬಾಗಿಲೋ ನಿಮಗೆ ಎಷ್ಟು ಕಾಣುತ್ತಿತ್ತು?

ರಾತ್ರಿ ಬಸ್

ಒಂದು. ಕಿಟಕಿ ಒಂದೇ ತಾನೇ ಇರುವುದು!

ಮಸೂರ

ಎರಡು ಕಾಣಬೇಕಿತ್ತು. ಈಗಲೇ ಬೆರಳನ್ನು ಮುಖದ ಮುಂದೆ ಹಿಡಿದು, ಬೆರಳನ್ನೇ ನೋಡುತ್ತ, ಗಮನವನ್ನು ಮಾತ್ರ ಹಿಂದಿನ ದೀಪದ ಕಡೆ ಹಾಯಿಸಿ. ಎರಡೂ ಕಣ್ಣು ಕೆಲಸ ಮಾಡುತ್ತಿದ್ದರೆ ದೀಪ ಎರಡಾಗುತ್ತದೆ. ಒಂದೇ ಉಳಿದರೆ ಮಿದುಳು ಒಂದು ಕಣ್ಣಿನ ಚಿತ್ರವನ್ನು ಆರಿಸಿಬಿಟ್ಟಿರಬಹುದು. ಎರಡೆರಡಾಗಿ ಕಂಡು ಗೊಂದಲವಾಗುವುದಕ್ಕಿಂತ ಅದಕ್ಕೆ ಆ ದಾರಿ ಸುಲಭ. ಹಾಗಿದ್ದರೆ ನೀವು ಎರಡು ತಿಂಗಳು ಒಂದೇ ಕಣ್ಣಿನಲ್ಲಿ ಪೆನ್ಸಿಲ್ ನೋಡಿದ್ದೀರಿ. ಜಾರಿದ ಕಣ್ಣು ಪಕ್ಕದಲ್ಲಿ ಕುಳಿತಿತ್ತು. ಪಕ್ಕದಲ್ಲಿ ಯಾರೂ ನೋಡುವವರಿಲ್ಲದಿದ್ದರೆ ಈ ತಪ್ಪು ತಿಳಿಯುವುದೇ ಇಲ್ಲ. ನಿಮ್ಮದು ಇದೇ ಎಂದು ಇಲ್ಲಿಂದ ಹೇಳಲಾರೆ, ಪರೀಕ್ಷೆ ಮಾಡಿಸಿ.

ಕಲ್ಪತರು

ಬೆಂಗಳೂರಿಗೆ ಹೋಗಿ ಬಂದೆವು. ಚೀಟಿಯಲ್ಲಿ ಇದ್ದದ್ದು: ಕಣ್ಣಿಗೆ ಔಷಧ ಹಾಕಿದ ಮೇಲೂ ಪವರ್ +0.25 ಮಾತ್ರ, ಫೋಕಸ್ ಅವನ ವಯಸ್ಸಿಗೆ ಸರಿ. ಎಕ್ಸೋಫೋರಿಯಾ ದೂರಕ್ಕೆ 1, ಹತ್ತಿರಕ್ಕೆ 10. ಎನ್‌ಪಿಸಿ 12 ಸೆಂ.ಮೀ., ಮರಳಿದ್ದು 16. ಹತ್ತಿರದ ಬೇಸ್ ಔಟ್ 12ಕ್ಕೆ ಎರಡಾಯಿತು. ಹದಿನೈದು ಪ್ರಶ್ನೆಗಳ ಒಂದು ಹಾಳೆ ತುಂಬಿಸಿದರು, 60ಕ್ಕೆ 31. ಮಾರ್ಕ್ಸ್ ಕಡಿಮೆ ಬಂತೆಂದು ಹುಡುಗ ಬೇಸರ ಮಾಡಿಕೊಂಡ! ಈ ಪರೀಕ್ಷೆಯಲ್ಲಿ ಕಡಿಮೆ ಬಂದರೇ ಒಳ್ಳೆಯದಂತೆ.

ಮಸೂರ

ಆ ಹಾಳೆಯಲ್ಲಿ ಮಕ್ಕಳಿಗೆ 16 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೊಂದರೆ ಇದೆ ಎಂದು ಲೆಕ್ಕ. ಉಳಿದ ಅಂಕಿಗಳನ್ನು ಒಂದರ ಜೊತೆ ಒಂದು ಇಟ್ಟು ಓದಿ, ಕತೆ ತಾನೇ ಬಿಚ್ಚಿಕೊಳ್ಳುತ್ತದೆ.

ಬಿಟ್ಟರೆ ಕಣ್ಣುಗಳು ಎತ್ತ ವಾಲುತ್ತವೆ ಎಂಬುದು ಎಕ್ಸೋಫೋರಿಯಾದ ಅಂಕಿ. ದೂರ ನೋಡುವಾಗ ಅವನ ಕಣ್ಣು ಹೊರಕ್ಕೆ ವಾಲುವುದು ಬರೀ 1. ಪುಸ್ತಕದ ದೂರದಲ್ಲಿ 10. ಅಂದರೆ ಓದುವ ಪ್ರತಿ ಕ್ಷಣವೂ ಆ 10ನ್ನು ಅವನು ಬಲವಂತವಾಗಿ ಒಳಕ್ಕೆ ಎಳೆದು ಹಿಡಿದಿರಬೇಕು. ಎಳೆಯುವ ಶಕ್ತಿ ಎಷ್ಟಿದೆ ಎಂದು ನೋಡಲು ಪ್ರಿಸಂ ಏರಿಸುತ್ತ ಹೋಗುತ್ತಾರೆ, ಬೇಸ್ ಔಟ್ ಎಂದರೆ ಅದೇ. ಅದು 12ಕ್ಕೆ ಕೈಕೊಟ್ಟಿತು. ನಮ್ಮ ಕೆಲಸದಲ್ಲಿ ಒಂದು ಹಳೆಯ ಅಳತೆಗೋಲು ಇದೆ: ಆರಾಮವಾಗಿ ಓದಬೇಕಾದರೆ ವಾಲುವುದರ ಎರಡರಷ್ಟು ಮೀಸಲು ಶಕ್ತಿ ಇರಬೇಕು. ಇವನಿಗೆ 20 ಬೇಕು, ಇರುವುದು 12. ತಿಂಗಳಿಗೆ ಹತ್ತು ಸಾವಿರ ಖರ್ಚಿರುವ ಮನೆಯಲ್ಲಿ ಹನ್ನೆರಡು ಸಾವಿರ ಆದಾಯ ಇದ್ದ ಹಾಗೆ. ಮನೆ ನಡೆಯುತ್ತದೆ, ಆದರೆ ಒಂದು ಜ್ವರ ಬಂದರೆ ಸಾಲ. ಹತ್ತು ನಿಮಿಷ ಚೆನ್ನಾಗಿ ಓದಿ ಆಮೇಲೆ ಕುಸಿಯುವುದಕ್ಕೆ ಕಾರಣ ಇದೇ. ಎನ್‌ಪಿಸಿ ಎಂದರೆ ಪೆನ್ನು ಎರಡಾಗುವ ದೂರ, ಅದಂತೂ 5–6 ಸೆಂಟಿಮೀಟರ್ ಒಳಗೆ ಇರಬೇಕಿತ್ತು.

ಹಳೇ ಮೇಷ್ಟರು

ನಾನು ಹೇಳಿದ್ದು ಇಲ್ಲಿ ತಪ್ಪಾಯಿತು, ಒಪ್ಪುತ್ತೇನೆ. ಆದರೆ ನನ್ನ ತರಗತಿಯಲ್ಲಿ ಎರಡೂ ಇದ್ದ ಮಕ್ಕಳು ಇದ್ದಿರಬಹುದಲ್ಲವೇ?

ಮಸೂರ

ಖಂಡಿತ. ಹಾಗಿದ್ದಾಗ ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕು. ಒಂದನ್ನು ಮಾಡಿದರೆ ಇನ್ನೊಂದು ಹೋಗುವುದಿಲ್ಲ.

ಮರಳುಗಾಡಿನ ಮಲ್ಲಿಗೆ

ಪ್ರಿಸಂ ಎಂದಿರಿ. ಕನ್ನಡಕದಲ್ಲೇ ಪ್ರಿಸಂ ಹಾಕಿಸಿದರೆ ಅಭ್ಯಾಸಕ್ಕೆಂದು ವಾರ ವಾರ ಬೆಂಗಳೂರಿಗೆ ಓಡಾಡುವುದು ತಪ್ಪುತ್ತದೆಯಲ್ಲ?

ಮಸೂರ

ಒಳ್ಳೆಯ ಪ್ರಶ್ನೆ. ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದ್ದಾರೆ, 2005ರಲ್ಲಿ ಫಲಿತಾಂಶ ಬಂತು. ಪ್ರಿಸಂ ಇದ್ದ ಓದುವ ಕನ್ನಡಕ, ಪ್ರಿಸಂ ಇಲ್ಲದ ಸಾದಾ ಕನ್ನಡಕಕ್ಕಿಂತ ಮೇಲಾಗಲಿಲ್ಲ. ದೊಡ್ಡವರ ಲೆಕ್ಕ ಬೇರೆ, ಅಲ್ಲಿ ನಾನೂ ಕೆಲವೊಮ್ಮೆ ಕೊಡುತ್ತೇನೆ.

ಕಲ್ಪತರು (ಮೂರು ವಾರಗಳ ನಂತರ)

ಪ್ರತಿ ಶನಿವಾರ ರೈಲಿನಲ್ಲಿ ಬೆಂಗಳೂರು, ಒಂದು ಗಂಟೆ ಅಭ್ಯಾಸ, ವಾಪಸ್. ಒಟ್ಟು ಹನ್ನೆರಡು ವಾರ ಎಂದಿದ್ದಾರೆ. ಮನೆಯಲ್ಲಿ ಮಾಡಲು ಒಂದು ದಾರ ಕೊಟ್ಟರು. ಮೂರು ಮೀಟರ್ ಬಿಳಿ ದಾರ, ಅದರಲ್ಲಿ ಕೆಂಪು, ಹಳದಿ, ಹಸಿರು ಮಣಿ. ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ಅವನ ಮೂಗಿನ ತುದಿಗೆ. ಮಣಿಯನ್ನು ನೋಡಿದರೆ ದಾರ ಎರಡಾಗಿ ಕಂಡು ಮಣಿಯ ಜಾಗದಲ್ಲೇ ಕತ್ತರಿಯಂತೆ ದಾಟಬೇಕು. ದೂರದ ಹಸಿರು ಮಣಿಯಲ್ಲಿ ಸರಿಯಾಗಿ ದಾಟುತ್ತದೆ. ಹತ್ತಿರದ ಕೆಂಪು ಮಣಿಗೆ ಬಂದರೆ ದಾರಗಳು ಮಣಿಯ ಆಚೆಗೆ ಹೋಗಿ ಕೂಡುತ್ತವೆ ಎನ್ನುತ್ತಾನೆ, ಸ್ವಲ್ಪ ಹೊತ್ತಿಗೆ ಒಂದು ದಾರವೇ ಮಾಯ. ನಾನು ಏನು ಮಾಡಲಿ?

ಮಸೂರ

ಹುಡುಗ ನಿಮಗೆ ನಕ್ಷೆಯನ್ನೇ ಬರೆದುಕೊಟ್ಟಿದ್ದಾನೆ. ದಾರಗಳು ದಾಟುವ ಜಾಗವೇ ಅವನ ಕಣ್ಣುಗಳು ನಿಜವಾಗಿ ಕೂಡಿರುವ ಜಾಗ. ಮಣಿಯ ಆಚೆಗೆ ದಾಟಿದರೆ ಮಣಿಯವರೆಗೆ ಕಣ್ಣು ಬಂದಿಲ್ಲ ಎಂದರ್ಥ. ಒಂದು ದಾರ ಮಾಯವಾದರೆ ಒಂದು ಕಣ್ಣು ಆರಿದೆ. ರಾತ್ರಿ ಬಸ್ ಅವರಿಗೆ ಪೆನ್ಸಿಲ್ ಹೇಳದ ಸಂಗತಿಯನ್ನು ಈ ದಾರ ಹೇಳುತ್ತದೆ.

ಕೆಂಪು ಮಣಿಯನ್ನು ಹಿಂದಕ್ಕೆ ಸರಿಸಿ, ಅವನು ಗೆಲ್ಲುವ ಜಾಗದಿಂದ ಶುರು ಮಾಡಿ. ದಾರ ಮಾಯವಾದರೆ ರೆಪ್ಪೆ ಬಡಿಯಲು ಹೇಳಿ, ಇಲ್ಲವೇ ನೀವು ದಾರವನ್ನು ವೀಣೆಯ ತಂತಿಯಂತೆ ಮೆಲ್ಲಗೆ ಮೀಟಿ. ಅಲುಗಾಡುವುದನ್ನು ಮಿದುಳು ಅಷ್ಟು ಸುಲಭವಾಗಿ ಮರೆಮಾಚುವುದಿಲ್ಲ. ಅವನು ತಾನೇ ಬೆರಳಿನಿಂದ ಮಣಿ ಮುಟ್ಟಿದರೂ ಕಣ್ಣು ಒಳಕ್ಕೆ ಬರುತ್ತದೆ. ಎರಡೂ ದಾರ ಮಣಿಯಲ್ಲಿ ದಾಟಿ ನಿಂತ ಮೇಲೆ ಒಂದೊಂದೇ ಸೆಂಟಿಮೀಟರ್ ಮುಂದಕ್ಕೆ ತನ್ನಿ. ಹದಿನೈದು ನಿಮಿಷಕ್ಕೆ ನಿಲ್ಲಿಸಿ. ದಣಿದ ಮೇಲೆ ಮಾಡಿದ್ದು ತಪ್ಪನ್ನೇ ಕಲಿಸುತ್ತದೆ.

ಕಲ್ಪತರು (ಆರನೇ ವಾರ)

ಮೂರನೇ ವಾರ ತಲೆನೋವು ಹೆಚ್ಚಾಗಿ ಬಿಟ್ಟುಬಿಡೋಣ ಎಂದಿದ್ದ. ಈಗ ಕೆಂಪು ಮಣಿ ನಾಲ್ಕು ಬೆರಳು ದೂರಕ್ಕೆ ಬಂದಿದೆ. ಚಿಕಿತ್ಸಾಲಯದಲ್ಲಿ ದಾರ ಮುಗಿಸಿ ಬೇರೆಯದಕ್ಕೆ ಹೋಗಿದ್ದಾರೆ. ವಿಶೇಷ ಕನ್ನಡಕ ಹಾಕಿಸಿ ಎರಡು ಹಾಳೆಗಳ ಚಿತ್ರಗಳನ್ನು ಒಂದು ಮಾಡಿಸುತ್ತಾರೆ, ಹಾಳೆಗಳನ್ನು ಮೆಲ್ಲಗೆ ದೂರ ಸರಿಸುತ್ತಾರೆ. ಚಿತ್ರ ಒಂದಾಗಿಯೇ ಉಳಿದರೆ ಅದು ಚಿಕ್ಕದಾಗಿ ಹತ್ತಿರಕ್ಕೆ ತೇಲಿ ಬಂದಂತೆ ಕಾಣುತ್ತದಂತೆ. ಜೊತೆಗೆ ಪ್ಲಸ್ ಎರಡು, ಮೈನಸ್ ಎರಡು ಮಸೂರಗಳಿರುವ ಒಂದು ಕಡ್ಡಿಯನ್ನು ತಿರುಗಿಸಿ ತಿರುಗಿಸಿ ಸಣ್ಣ ಅಕ್ಷರ ಓದಿಸುತ್ತಾರೆ.

ಮಸೂರ

ಸರಿಯಾದ ಕ್ರಮ. ದಾರದ ಕೆಲಸ ಕಣ್ಣಿಗೆ ಒಳಕ್ಕೆ ಬರುವುದು ಹೇಗಿರುತ್ತದೆ ಎಂದು ತೋರಿಸುವುದು. ಹಾಳೆಗಳು ಮೀಸಲು ಬೆಳೆಸುತ್ತವೆ. ಕೊನೆಯಲ್ಲಿ ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ತಟ್ಟನೆ ನೆಗೆಯುವ ಅಭ್ಯಾಸ ಬರುತ್ತದೆ. ಕಪ್ಪುಹಲಗೆ ನೋಡಿ ಬರೆದುಕೊಳ್ಳುವಾಗ ಬೇಕಾಗುವುದು ಅದೇ.

ಕಲ್ಪತರು (ಹನ್ನೆರಡು ವಾರ ಮುಗಿದ ಮೇಲೆ)

ಎನ್‌ಪಿಸಿ 5 ಸೆಂ.ಮೀ. ಬೇಸ್ ಔಟ್ 28. ಹತ್ತಿರದ ಎಕ್ಸೋಫೋರಿಯಾ 9, ಅದೇಕೋ ಇಳಿದೇ ಇಲ್ಲ. ಪ್ರಶ್ನೆಯ ಹಾಳೆಯಲ್ಲಿ 11. ಗಲ್ಲಕ್ಕೆ ಕೈ ಕೊಡುವುದು ತಾನಾಗಿ ನಿಂತಿದೆ, ಮುಕ್ಕಾಲು ಗಂಟೆ ಒಂದೇ ಕಡೆ ಕೂರುತ್ತಾನೆ. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನಕ್ಕೆ ಬಂದದ್ದು ಹಿಂದಿನಷ್ಟೇ. ಮಾವನವರು ಗೆದ್ದವರಂತೆ ಓಡಾಡುತ್ತಿದ್ದಾರೆ.

ನೇರ ಮಾತು

ನಾನು ಹೇಳಿದ್ದೂ ಅದನ್ನೇ.

ಮಸೂರ

ವಾಲುವುದು ಹಾಗೆಯೇ ಇರುತ್ತದೆ, ಅದಕ್ಕೆ ಬೆದರಬೇಡಿ. ಖರ್ಚು ಇಳಿದಿಲ್ಲ, ಆದಾಯ 12ರಿಂದ 28 ಆಗಿದೆ.

ಅಂಕಗಳ ವಿಷಯದಲ್ಲಿ ನೇರ ಮಾತು ಅವರ ಕಡೆ ತೂಕ ಇದೆ. 311 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇದೇ ಚಿಕಿತ್ಸೆಯನ್ನು 16 ವಾರ ಕೊಟ್ಟು, ಓದಿದ್ದು ಅರ್ಥವಾಗುವುದರಲ್ಲಿ ಸುಧಾರಣೆ ಇದೆಯೇ ಎಂದು ನೋಡಿದರು. 2019ರ ಫಲಿತಾಂಶ: ಸುಮ್ಮನೆ ಆಡಿಸಿದ ಗುಂಪಿಗಿಂತ ಹೆಚ್ಚಲ್ಲ. ಕಣ್ಣಿನ ಅಳತೆಗಳು ಮಾತ್ರ ಚಿಕಿತ್ಸೆ ಪಡೆದವರಲ್ಲಿ ಚೆನ್ನಾಗಿ ಸುಧಾರಿಸಿದ್ದವು. ನೋವಿಲ್ಲದೆ ಕೂರುವುದನ್ನು ನಾವು ಕೊಡಬಹುದು. ಕೂತು ಏನು ಓದುತ್ತಾನೆ ಎಂಬುದು ನಮ್ಮ ಕೈಯಲ್ಲಿಲ್ಲ.

ನೇರ ಮಾತು

ಈ ಮಾತನ್ನು ಆ ಕೇಂದ್ರದವರು ಮೊದಲ ದಿನವೇ ಹೇಳಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ಇನ್ನೊಂದು: ವ್ಯಾಯಾಮ ಬಿಟ್ಟರೆ ಮತ್ತೆ ಬರುವುದಿಲ್ಲವೇ?

ಮಸೂರ

2008ರ ಪ್ರಯೋಗದಲ್ಲಿ ಗುಣವಾದವರನ್ನು ಒಂದು ವರ್ಷದ ಮೇಲೆ ನೋಡಿದಾಗ ಹೆಚ್ಚಿನವರು ಹಾಗೆಯೇ ಇದ್ದರು. ನನ್ನ ಬಳಿ ಬಂದವರಲ್ಲಿ ಟೈಫಾಯ್ಡ್ ಆದ ಮೇಲೆ, ಪರೀಕ್ಷೆಯ ನಿದ್ದೆಗೆಟ್ಟ ತಿಂಗಳಲ್ಲಿ ಮತ್ತೆ ಜಾರಿದವರೂ ಇದ್ದಾರೆ. ದಾರವನ್ನು ಎಸೆಯಬೇಡಿ.

ರಾತ್ರಿ ಬಸ್

ದಾರ ಕಟ್ಟಿ ನೋಡಿದೆ. ನನಗೆ ಒಂದೇ ದಾರ ಕಾಣುತ್ತದೆ, ಮಣಿ ಎಲ್ಲಿದ್ದರೂ. ಸೋಮವಾರ ಪರೀಕ್ಷೆಗೆ ಹೋಗುತ್ತಿದ್ದೇನೆ.

ಹೊಸ ಓದುಗ

ಇಡೀ ಚರ್ಚೆ ಓದಿದೆ. ನನ್ನ ಮಗಳು ಹನ್ನೊಂದು ವರ್ಷದವಳು, ಅವಳಿಗೂ ಎರಡೆರಡು ಕಾಣುತ್ತದೆ. ಆದರೆ ಪುಸ್ತಕ ಸರಿ ಇರುತ್ತದೆ, ದೂರದ ಬಸ್ಸು ಎರಡಾಗುತ್ತದೆ. ಹತ್ತು ದಿನದಿಂದ ಶುರುವಾಗಿದೆ, ಬೆಳಿಗ್ಗೆ ಎದ್ದಾಗ ತಲೆನೋವು, ಎರಡು ಸಲ ವಾಂತಿ ಆಯಿತು. ಯಾವ ಮಣಿಯಿಂದ ಶುರು ಮಾಡಲಿ?

ಮಸೂರ

ಯಾವ ಮಣಿಯೂ ಬೇಡ, ಇದು ಬೇರೆ. ಹತ್ತಿರ ಸರಿ ಇದ್ದು ದೂರದ್ದು ಎರಡಾಗುವುದು, ಇದ್ದಕ್ಕಿದ್ದಂತೆ ಬಂದದ್ದು, ಜೊತೆಗೆ ಬೆಳಗಿನ ತಲೆನೋವು ಮತ್ತು ವಾಂತಿ. ಇಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಯೊಳಗಿನ ಒತ್ತಡ ಹೆಚ್ಚಿದೆಯೇ ಎಂದು ಕಣ್ಣಿನ ಹಿಂಭಾಗದ ನರವನ್ನು ನೋಡಬೇಕು. ನಾಳೆಗೆ ಇಡಬೇಡಿ.

ಹೊಸ ಓದುಗ

ಹೊರಟಿದ್ದೇವೆ.